ದಿನದ ಬೆಡ್ ರಿಪೋರ್ಟ್: ಫೋಟೋ, ಎಕ್ಸೆಲ್, ಫಾರಂ, ಸಾಫ್ಟ್‌ವೇರ್ – ಯಾವುದು ಆದೀತು?

ಬೆಳಿಗ್ಗೆ ಎಂಟೂವರೆಗೆ ಆಸ್ಪತ್ರೆಯ ಅಡ್ಮಿನಿಸ್ಟ್ರೇಟರ್ ಬಂದು ಕೂತಾಗ ಅವರಿಗೆ ಬೇಕಾಗಿರುವುದು ಎರಡೇ ಸಂಗತಿ. ಎಷ್ಟು ಬೆಡ್ ತುಂಬಿದೆ? ಬಂದವರು ಸರಾಸರಿ ಎಷ್ಟು ದಿನ ಉಳಿಯುತ್ತಿದ್ದಾರೆ? ಈ ಎರಡಕ್ಕೂ ಯಾರ ಹೆಸರೂ ಬೇಕಾಗಿಲ್ಲ. ಆದರೂ ಎಷ್ಟೋ ಕಡೆ ಈ ರಿಪೋರ್ಟ್ ಜೊತೆ ಹೆಸರು, ವಯಸ್ಸು, ಕಾಯಿಲೆ, ಯಾವ ಸ್ಕೀಮ್, ಪೊಲೀಸ್ ಕೇಸೋ ಅಲ್ವೋ ಎಲ್ಲವೂ ಪುಕ್ಕಟೆಯಾಗಿ ಬರುತ್ತದೆ.

ನಾನು ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ, ಅಂದರೆ ಎಂಆರ್‌ಡಿಯಲ್ಲಿ ಕೆಲಸ ಮಾಡಿದವನು. ನೂರು ಬೆಡ್ಡಿನ ಆಸುಪಾಸಿನ ಆಸ್ಪತ್ರೆಗಳಲ್ಲಿ ಈ ರಿಪೋರ್ಟ್ ತಯಾರಾಗುವುದು ಸಾಮಾನ್ಯವಾಗಿ ನಾಲ್ಕು ಥರ. ನಾಲ್ಕನ್ನೂ ಮಾಡಿ ನೋಡಿದ್ದೇನೆ, ನಾಲ್ಕರಲ್ಲೂ ಎಡವಿದ್ದೇನೆ. ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಹೆಸರು ತೆಗೆದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ನಿಜವಾದ ಸೋರಿಕೆ ಆಗುವುದು ಯಾರೂ ಅನುಮಾನಪಡದ ಜಾಗದಲ್ಲಿ, ಅಂದರೆ ಆ ಸರಾಸರಿ ದಿನದ ಅಂಕಿಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ರಿಜಿಸ್ಟರ್ ಫೋಟೋ

ನೈಟ್ ಡ್ಯೂಟಿ ಸಿಸ್ಟರ್ ವಾರ್ಡ್ ಸೆನ್ಸಸ್ ರಿಜಿಸ್ಟರ್ ಬರೆಯುತ್ತಾರೆ, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಐದು ನಿಮಿಷದ ಕೆಲಸ, ಖರ್ಚಿಲ್ಲ. ಆ ಗ್ರೂಪಿನಲ್ಲಿ ಯಾರ್ಯಾರಿದ್ದಾರೆ ಅಂತ ಒಮ್ಮೆ ಎಣಿಸಿ ನೋಡಿ. ನಾನಿದ್ದ ಒಂದು ಕಡೆ ಕೆಲಸ ಬಿಟ್ಟು ಹೋದ ಇಬ್ಬರು, ಔಷಧಿ ಅಂಗಡಿಯ ಹುಡುಗ ಒಬ್ಬ, ಇನ್ಶೂರೆನ್ಸ್ ಡೆಸ್ಕಿನವರು ಎಲ್ಲ ಇದ್ದರು. ಫೋಟೋ ಅವರೆಲ್ಲರ ಮೊಬೈಲ್ ಗ್ಯಾಲರಿಗೆ ತಾನಾಗೇ ಇಳಿದಿತ್ತು. ಅಲ್ಲಿಂದ ಅದನ್ನು ಅಳಿಸುವುದು ನಮ್ಮ ಕೈಯಲ್ಲಿ ಇರಲಿಲ್ಲ.

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಲ್ಲಿಸಿ ಅಷ್ಟೇ. ಎಚ್‌ಐವಿ ಇರುವವರ ಮಾಹಿತಿ ಕಾಪಾಡಬೇಕೆಂದು 2017ರದ್ದೇ ಒಂದು ಕಾಯ್ದೆ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ 2017ರದ್ದೇ, ಅದರಲ್ಲೂ ರೋಗಿಯ ಗೌಪ್ಯತೆ ಹಕ್ಕಾಗಿಯೇ ಇದೆ. ಇವೆರಡಕ್ಕೂ ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಯಾವ ಕೆಲಸಕ್ಕೆ ಎಷ್ಟು ಮಾಹಿತಿ ಬೇಕೋ ಅಷ್ಟನ್ನೇ ಬಳಸಬೇಕು ಅನ್ನುವುದು ಅದರ ಒಟ್ಟು ದಾರಿ. ಖಾಲಿ ಬೆಡ್ ಎಣಿಸಲು ರಿಜಿಸ್ಟರಿನ ಫೋಟೋ ಬೇಕಿತ್ತು ಅಂತ ವಾದ ಮಾಡುವುದು ಕಷ್ಟ.

ಎಕ್ಸೆಲ್ ಪಟ್ಟಿ ಮತ್ತು ಪಿವೋಟ್

ಇದು ಫೋಟೋಗಿಂತ ಮರ್ಯಾದಸ್ಥವಾಗಿ ಕಾಣುತ್ತದೆ. ಎಂಆರ್‌ಡಿ ಗುಮಾಸ್ತ ಒಂದು ಶೀಟಿನಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು ಇಟ್ಟುಕೊಂಡು, ಇನ್ನೊಂದು ಶೀಟಿನಲ್ಲಿ ಅದರ ಒಟ್ಟು ಎಣಿಕೆ ತೋರಿಸುವ ಪಿವೋಟ್ ಟೇಬಲ್ ಮಾಡಿ, ಮೊದಲನೆಯ ಶೀಟನ್ನು ಅಳಿಸಿ ಮೇಲ್ ಮಾಡುತ್ತಾನೆ. ಅಳಿಸಿದ್ದೇನಲ್ಲ, ಇನ್ನೇನು ಭಯ ಅಂದುಕೊಳ್ಳುತ್ತಾನೆ. ನಾನೂ ಹಾಗೇ ಅಂದುಕೊಂಡಿದ್ದೆ.

ಪಿವೋಟ್ ಟೇಬಲ್ ತನ್ನ ಹೊಟ್ಟೆಯಲ್ಲಿ ಮೂಲ ಪಟ್ಟಿಯ ಒಂದು ನಕಲನ್ನು ಇಟ್ಟುಕೊಂಡಿರುತ್ತದೆ. ಮೂಲ ಶೀಟ್ ಹೋದರೂ ಅದು ಹೋಗುವುದಿಲ್ಲ. ಫೈಲ್ ತೆರೆದವರು "ಸರ್ಜಿಕಲ್ – 14" ಅಂತಿರುವ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ಹೊಸ ಶೀಟೊಂದು ತೆರೆದು ಆ 14 ಜನರ ಸಾಲುಗಳು ಹಾಗೇ ಕಣ್ಣೆದುರು ಬಂದು ನಿಲ್ಲುತ್ತವೆ. ನಮ್ಮ ಅಕೌಂಟ್ಸ್ ಮೇಡಂ ಅಕಸ್ಮಾತ್ ಹಾಗೆ ಕ್ಲಿಕ್ ಮಾಡಿ, "ಇದೇನ್ರೀ ಇದು, ಎಲ್ಲರ ಹೆಸರೂ ಬಂತು" ಅಂತ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಅಷ್ಟೊತ್ತಿಗೆ ನಾಲ್ಕು ತಿಂಗಳ ಮೇಲ್ ಹೋಗಿಯಾಗಿತ್ತು.

ಎಕ್ಸೆಲ್ಲೇ ಬೇಕು ಅನ್ನುವವರು `PivotTable Options` ಒಳಗೆ `Data` ಟ್ಯಾಬಿಗೆ ಹೋಗಿ `Save source data with file` ಮತ್ತು `Enable show details` ಎರಡರ ಟಿಕ್ ತೆಗೆಯಬಹುದು. ನನಗೆ ಅದರ ಮೇಲೆ ಭರವಸೆ ಕಡಿಮೆ, ಒಂದು ದಿನ ಯಾರೋ ಮರೆಯುತ್ತಾರೆ. ಅದಕ್ಕಿಂತ ಅಂಕಿಗಳನ್ನಷ್ಟೇ ನಕಲು ಮಾಡಿ, ಹೊಸ ಖಾಲಿ ಫೈಲಿನಲ್ಲಿ `Paste Special` ಮೂಲಕ `Values` ಆಗಿ ಅಂಟಿಸಿ ಕಳಿಸುವುದು ವಾಸಿ.

ಹೆಸರಿನ ಬದಲು ಯುಎಚ್‌ಐಡಿ, ಅಂದರೆ ಆಸ್ಪತ್ರೆ ಪ್ರತಿ ರೋಗಿಗೆ ಕೊಡುವ ನಂಬರನ್ನು ಹ್ಯಾಶ್ ಮಾಡಿ, ಗುರುತು ಸಿಗದ ಅಕ್ಷರಗಳ ಸಾಲಾಗಿ ತಿರುಗಿಸಿ ಹಾಕುತ್ತೇವೆ ಅನ್ನುವವರೂ ಇದ್ದಾರೆ. ಆ ನಂಬರುಗಳು ಒಂದಾದ ಮೇಲೊಂದು ಬರುವಂಥವು. ಒಂದರಿಂದ ಶುರುಮಾಡಿ ಎಲ್ಲವನ್ನೂ ಹ್ಯಾಶ್ ಮಾಡಿ ಹೊಂದಿಸಿ ನೋಡಿದರೆ ಮೂಲ ನಂಬರು ಸಿಕ್ಕಿಬಿಡುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೇ. ಅದೂ ಅಲ್ಲದೆ, ಒಟ್ಟು ಎಣಿಕೆ ಕೇಳಿದವರಿಗೆ ಒಬ್ಬೊಬ್ಬರ ಸಾಲು ಯಾಕೆ ಕಳಿಸಬೇಕು?

ವಾರ್ಡಿನಿಂದ ಬರೀ ಎಣಿಕೆ

ನನಗೆ ಇಷ್ಟವಾದದ್ದು ಇದು. ಒಂದೊಂದು ವಾರ್ಡಿನಿಂದ ಆರು ಅಂಕಿ ಬರುತ್ತದೆ: ನಿನ್ನೆ ಮಧ್ಯರಾತ್ರಿ ಇದ್ದವರು, ಹೊಸದಾಗಿ ಅಡ್ಮಿಟ್ ಆದವರು, ಬೇರೆ ವಾರ್ಡಿನಿಂದ ಬಂದವರು, ಬೇರೆ ವಾರ್ಡಿಗೆ ಹೋದವರು, ಡಿಸ್ಚಾರ್ಜ್ ಆದವರು, ತೀರಿಕೊಂಡವರು. ಮೊದಲ ಮೂರನ್ನು ಕೂಡಿ ಕೊನೆಯ ಮೂರನ್ನು ಕಳೆದರೆ ಇವತ್ತು ಮಧ್ಯರಾತ್ರಿ ಇರುವವರ ಲೆಕ್ಕ. ಹೆಸರು ವಾರ್ಡಿನಿಂದ ಆಚೆ ಬರುವುದೇ ಇಲ್ಲ, ಹಾಗಾಗಿ ಅದು ಸೋರಿಹೋಗುವ ಮಾತೇ ಇಲ್ಲ. ಕಾಗದದ ಮೇಲಾದರೂ ಆಯಿತು, ಗೂಗಲ್ ಫಾರಂ ಆದರೂ ಆಯಿತು.

ತಪ್ಪಾದರೆ ಪತ್ತೆ ಹಚ್ಚುವುದೂ ಸುಲಭ. ಇಡೀ ಆಸ್ಪತ್ರೆಯ "ಬಂದ" ವರ್ಗಾವಣೆ ಮತ್ತು "ಹೋದ" ವರ್ಗಾವಣೆ ಒಂದೇ ಇರಬೇಕು. ಬಂದವರು 5, ಹೋದವರು 4 ಅಂತಿದ್ದರೆ ಒಬ್ಬರನ್ನು ಎರಡು ವಾರ್ಡಿನವರೂ ಎಣಿಸಿದ್ದಾರೆ ಅಂತ ಅರ್ಥ. ಸಾಮಾನ್ಯವಾಗಿ ಅದು ಐಸಿಯುನಿಂದ ವಾರ್ಡಿಗೆ ರಾತ್ರಿ ಹನ್ನೊಂದೂವರೆಗೆ ಇಳಿಸಿದವರೇ ಆಗಿರುತ್ತಾರೆ. ಆಗ ಆ ಎರಡು ವಾರ್ಡಿನ ಸಿಸ್ಟರುಗಳಿಗೆ ಫೋನ್ ಮಾಡಿ ಸರಿಮಾಡಿದರೆ ಆಯಿತು.

ಫಾರಂ ಮಾಡುವ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಪ್ರತಿ ತಿಂಗಳೂ ಜಗಳ. ಒಂದು, ಯಾವ ಬೆಡ್ ಲೆಕ್ಕಕ್ಕೆ? ಲೈಸೆನ್ಸಿನಲ್ಲಿ 100 ಇದೆ, ಒಂದು ವಾರ್ಡಿಗೆ ಬಣ್ಣ ಹೊಡೆಯುತ್ತಿರುವುದರಿಂದ ನಿಜವಾಗಿ ಬಳಕೆಗೆ ಇರುವುದು 88, ರಾತ್ರಿ ಇದ್ದ ರೋಗಿಗಳು 79 ಅಂದುಕೊಳ್ಳಿ. ನೂರರ ಮೇಲೆ ಲೆಕ್ಕ ಹಾಕಿದರೆ 79 ಶೇಕಡಾ, ಆರಾಮ ಅನಿಸುತ್ತದೆ. 88ರ ಮೇಲೆ ಹಾಕಿದರೆ ಸುಮಾರು 90 ಶೇಕಡಾ, ಕ್ಯಾಷುವಾಲ್ಟಿಯಲ್ಲಿ ಸ್ಟ್ರೆಚರ್ ಮೇಲೆ ಜನ ಯಾಕೆ ಕಾಯುತ್ತಿದ್ದಾರೆ ಅಂತ ಆಗ ಅರ್ಥವಾಗುತ್ತದೆ. ನಾನು ಬಳಕೆಯ ಬೆಡ್ಡನ್ನೇ ಹಿಡಿಯುತ್ತೇನೆ, ಲೈಸೆನ್ಸ್ ಅಂಕಿಯನ್ನು ಪಕ್ಕದಲ್ಲಿ ಸುಮ್ನೆ ಬರೆದಿರುತ್ತೇನೆ.

ಎರಡು, ಡಯಾಲಿಸಿಸ್‌ಗೂ ಕೀಮೋಗೂ ಬೆಳಿಗ್ಗೆ ಬಂದು ಸಂಜೆ ಹೋಗುವವರನ್ನು, ಬಾಣಂತಿ ವಾರ್ಡಿನ ತೊಟ್ಟಿಲ ಕೂಸುಗಳನ್ನು ಇದರಲ್ಲಿ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಇಡಿ. ಮೂರು, ಮಧ್ಯರಾತ್ರಿ ಎಣಿಕೆ ಒಂದೇ ಸಾಲದು. ಡಾಕ್ಟರ್ ಹತ್ತು ಗಂಟೆಗೆ ಡಿಸ್ಚಾರ್ಜ್ ಬರೆದರೂ ಇನ್ಶೂರೆನ್ಸ್ ಅಪ್ರೂವಲ್ ಬಂದು ಬೆಡ್ ಬಿಡುವ ಹೊತ್ತಿಗೆ ಸಂಜೆ ಐದಾಗಿರುತ್ತದೆ. ಮಧ್ಯರಾತ್ರಿ ಹತ್ತು ಬೆಡ್ ಖಾಲಿ ಕಂಡ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಒಂದೂ ಇರುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಇನ್ನೊಂದು ಎಣಿಕೆ ಮಾಡಿಸಿದರೆ ಈ ಬೇನೆ ಬೆಳಕಿಗೆ ಬರುತ್ತದೆ.

ಒಬ್ಬೊಬ್ಬರು ಎಷ್ಟು ದಿನ ಇದ್ದರು ಅಂತ ಗೊತ್ತಿಲ್ಲದೆ ಸರಾಸರಿ ಹೇಗೆ ತೆಗೆಯುವುದು ಅಂತ ಕೇಳುತ್ತೀರಿ. ತೆಗೆಯಬಹುದು, ಆದರೆ ತಿಂಗಳ ಮಟ್ಟದಲ್ಲಿ ಮಾತ್ರ. ಲೆಕ್ಕಕ್ಕೆ ಒಂದು ಸೆಪ್ಟೆಂಬರ್ ತೆಗೆದುಕೊಳ್ಳೋಣ. ಎಲ್ಲ ಬೆಡ್ಡೂ ಬಳಕೆಯಲ್ಲಿದೆ, 100 ಬೆಡ್, 30 ದಿನ, ಒಟ್ಟು 3,000 ಬೆಡ್-ದಿನ. ಮೂವತ್ತು ರಾತ್ರಿಗಳ ಎಣಿಕೆ ಕೂಡಿದರೆ 2,340 ಬಂತು. ಬೆಡ್ ತುಂಬಿದ್ದು 78 ಶೇಕಡಾ. ತೀರಿಕೊಂಡವರೂ ಸೇರಿ ಆಸ್ಪತ್ರೆ ಬಿಟ್ಟವರು 520. 2,340 ಭಾಗಿಸು 520, ಸರಾಸರಿ 4.5 ದಿನ. ಇಷ್ಟರಲ್ಲಿ ಎಲ್ಲಿಯೂ ಒಬ್ಬ ರೋಗಿಯ ತಾರೀಖು ಮುಟ್ಟಲಿಲ್ಲ.

ಇದರ ಮಿತಿಯೂ ಗೊತ್ತಿರಲಿ. ಅದೇ ತಿಂಗಳು ಬಿಟ್ಟುಹೋದವರ ನಿಜವಾದ ದಿನಗಳನ್ನು ಕೂಡಿ ಭಾಗಿಸಿದಾಗ 4.1 ಬಂತು ಅಂದುಕೊಳ್ಳಿ. ಎರಡೂ ಸರಿಯೇ. ವ್ಯತ್ಯಾಸ 0.4, ಅದನ್ನು 520ಕ್ಕೆ ಗುಣಿಸಿದರೆ 208 ಬೆಡ್-ದಿನ. ಹೆಚ್ಚುಕಡಿಮೆ ಏಳು ಜನ ಇಡೀ ತಿಂಗಳು ಮಲಗೇ ಇದ್ದಾರೆ, ಇನ್ನೂ ಮನೆಗೆ ಹೋಗಿಲ್ಲ ಅಂದರೆ ಇಷ್ಟು ವ್ಯತ್ಯಾಸ ಬರುತ್ತದೆ. ಡಿಸ್ಚಾರ್ಜ್ ಆಗುವವರೆಗೂ ಅವರು ಎರಡನೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಬೆಳಿಗ್ಗೆ ಬಂದು ಅದೇ ದಿನ ಹೋದವರ ವಿಷಯದಲ್ಲೂ ಸ್ವಲ್ಪ ಅಡ್ಡಾದಿಡ್ಡಿ ಇದೆ: ಮಧ್ಯರಾತ್ರಿ ಎಣಿಕೆಯಲ್ಲಿ ಅವರು ಸೊನ್ನೆ, ಡಿಸ್ಚಾರ್ಜ್ ಲೆಕ್ಕದಲ್ಲಿ ಬಹಳಷ್ಟು ಕಡೆ ಒಂದು ದಿನ.

ಸಾಫ್ಟ್‌ವೇರಿನಿಂದ ನೇರವಾಗಿ

ಎಚ್‌ಎಂಐಎಸ್, ಅಂದರೆ ಆಸ್ಪತ್ರೆಯ ಸಾಫ್ಟ್‌ವೇರ್ ಇರುವ ಕಡೆ ಸಹಜವಾಗಿ ಎಲ್ಲರೂ ಇದನ್ನೇ ಕೇಳುತ್ತಾರೆ. ದಿನಾ ಬೆಳಿಗ್ಗೆ ತಾನಾಗೇ ಮೇಲ್ ಬರಬೇಕು, ವಾರ್ಡುವಾರು ಬೆಡ್ ಎಣಿಕೆ, ಡಿಸ್ಚಾರ್ಜ್ ಎಷ್ಟು, ತಿಂಗಳ ಮೊದಲಿನಿಂದ ಇವತ್ತಿನವರೆಗೆ ಸರಾಸರಿ ದಿನ. ಹೆಸರಿಲ್ಲ, ನಂಬರಿಲ್ಲ, ನೋಡಲು ಚೊಕ್ಕ. ಸೋರುವ ಜಾಗ ಇಲ್ಲೇ ಇದೆ ಅಂತ ಮೊದಲು ಹೇಳಿದ್ದು.

ಸರ್ಜಿಕಲ್ ವಾರ್ಡಿನ ಒಂದು ಉದಾಹರಣೆ. ಶನಿವಾರದ ರಿಪೋರ್ಟ್: ತಿಂಗಳಲ್ಲಿ ಈವರೆಗೆ ಡಿಸ್ಚಾರ್ಜ್ 39, ಸರಾಸರಿ 4.41 ದಿನ. ಭಾನುವಾರದ್ದು: ಡಿಸ್ಚಾರ್ಜ್ 40, ಸರಾಸರಿ 5.25. ಈಗ ಕ್ಯಾಲ್ಕುಲೇಟರ್ ತೆಗೆಯಿರಿ. 39ನ್ನು 4.41ರಿಂದ ಗುಣಿಸಿದರೆ 172. 40ನ್ನು 5.25ರಿಂದ ಗುಣಿಸಿದರೆ 210. ಭಾನುವಾರ ಮನೆಗೆ ಹೋದ ಆ ಒಬ್ಬರು 38 ದಿನ ಇದ್ದರು ಅಂತಾಯಿತು. ತಾಲ್ಲೂಕು ಊರಿನಲ್ಲಿ 38 ದಿನ ಸರ್ಜಿಕಲ್ ವಾರ್ಡಿನಲ್ಲಿದ್ದು ಭಾನುವಾರ ಮನೆಗೆ ಹೋದವರು ಯಾರು ಅಂತ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಅದೇ ರಿಪೋರ್ಟಿನಲ್ಲಿ "ಎಂಎಲ್‌ಸಿ ಡಿಸ್ಚಾರ್ಜ್ – 1" ಅಂತ, ಅಂದರೆ ಪೊಲೀಸ್ ಕೇಸಿನವರು ಒಬ್ಬರು ಅಂತ ಇನ್ನೊಂದು ಕಾಲಂ ಇದ್ದರೆ, ಸುಟ್ಟಗಾಯದ ಯಾವುದೋ ಹೆಣ್ಣುಮಗಳ ಮನೆಯ ವಿಷಯ ಪೊಲೀಸ್ ಠಾಣೆಗೆ ಹೋಗಿದೆ ಅನ್ನುವುದೂ ರಿಪೋರ್ಟ್ ಓದಿದವರಿಗೆಲ್ಲ ಗೊತ್ತಾದ ಹಾಗೆ.

ಒಂದೇ ದಶಾಂಶ ಇಟ್ಟರೆ ಸರಿಹೋಗುತ್ತದಲ್ವಾ ಅಂತ ಅನಿಸಬಹುದು. 4.4 ಮತ್ತು 5.3 ಅಂತ ತೋರಿಸಿದರೂ ಹಿಂದಿನ ಒಟ್ಟು 170ರಿಂದ 173ರ ಒಳಗೆ, ಹೊಸ ಒಟ್ಟು 210ರಿಂದ 213ರ ಒಳಗೆ ಬರುತ್ತದೆ. ಅಂದರೆ ಆ ವ್ಯಕ್ತಿ 37ರಿಂದ 43 ದಿನ ಇದ್ದರು. ಏನು ಮುಚ್ಚಿದ ಹಾಗಾಯಿತು? ಕಳೆದ 28 ದಿನದ ಸರಾಸರಿಯನ್ನು ದಿನಾ ಕೊಟ್ಟರೂ ಇದೇ ಕಥೆ, ಲೆಕ್ಕ ಸ್ವಲ್ಪ ಸುತ್ತುಬಳಸು ಆಗುತ್ತದೆ ಅಷ್ಟೇ.

ಪರಿಹಾರ ಸರಳ, ಒಪ್ಪಿಸುವುದು ಕಷ್ಟ. ಬೆಡ್ ಎಣಿಕೆ ದಿನಾ ಕೊಡಿ. ಸರಾಸರಿ ದಿನವನ್ನು ದಿನಾ ಕೊಡಬೇಡಿ, ವಾರಕ್ಕೊಮ್ಮೆ ಕೊಡಿ. ಆ ವಾರಗಳು ಒಂದರ ಮೇಲೊಂದು ಹಾಯಬಾರದು, ಸೋಮವಾರದಿಂದ ಭಾನುವಾರ ಮುಗಿದ ಮೇಲೆ ಒಂದೇ ಸಲ ಅಂಕಿ ಬರಬೇಕು. ಡಿಸ್ಚಾರ್ಜ್ ಕಡಿಮೆ ಇದ್ದ ವಾರ್ಡಿಗೆ ಸರಾಸರಿ ಕೊಡಲೇಬಾರದು. ಎಷ್ಟಕ್ಕಿಂತ ಕಡಿಮೆ? ನಮ್ಮ ಕಾಯ್ದೆಯಲ್ಲಿ ಇಷ್ಟೇ ಅಂತ ಸಂಖ್ಯೆ ಇಲ್ಲ. ಅಮೆರಿಕದ ಮೆಡಿಕೇರ್ ನೋಡಿಕೊಳ್ಳುವ ಇಲಾಖೆ 1ರಿಂದ 10ರ ಒಳಗಿನ ಎಣಿಕೆಯನ್ನು ಹೊರಗೆ ಬಿಡುವುದಿಲ್ಲ. ಆ ಅಳತೆಯನ್ನೇ ನಾನು ಎರವಲು ತಂದಿದ್ದೇನೆ, ಅಂದರೆ ಕನಿಷ್ಠ 11 ಡಿಸ್ಚಾರ್ಜ್. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಹೀಗೆ:

```sql
CREATE VIEW weekly_stay AS
SELECT ward_group,
       date_trunc('week', discharge_time)::date AS week_start,
       CASE WHEN COUNT(*) >= 11 THEN COUNT(*) END AS discharges,
       CASE WHEN COUNT(*) >= 11
            THEN ROUND(AVG(stay_days), 1) END AS avg_stay
FROM discharges
WHERE discharge_time < date_trunc('week', CURRENT_DATE)
GROUP BY 1, 2;

GRANT SELECT ON weekly_stay TO report_user;
```

ಟೇಬಲ್, ಕಾಲಂ ಹೆಸರುಗಳು ನಿಮ್ಮ ಸಾಫ್ಟ್‌ವೇರಿನಲ್ಲಿ ಬೇರೆ ಇರುತ್ತವೆ, ಅದನ್ನು ಹೊಂದಿಸಿಕೊಳ್ಳಿ. ಇಲ್ಲಿ ಮುಖ್ಯವಾದದ್ದು `WHERE` ಸಾಲು. ನಡೆಯುತ್ತಿರುವ ವಾರ ಅದರಿಂದಾಗಿ ಕಾಣುವುದಿಲ್ಲ. ಇನ್ನೊಂದು, ಕೊನೆಯ ಸಾಲು. ರಿಪೋರ್ಟ್ ತೆಗೆಯುವ ಲಾಗಿನ್ನಿಗೆ ಈ ವ್ಯೂ ಮಾತ್ರ ಕಾಣಬೇಕು, ಒಳಗಿನ ಟೇಬಲ್ ಕಾಣಬಾರದು. ಸಾಫ್ಟ್‌ವೇರ್ ಕಂಪನಿಯ ಹುಡುಗರು ಸುಲಭ ಅಂತ ಎಲ್ಲಕ್ಕೂ ಅನುಮತಿ ಕೊಟ್ಟುಬಿಡುತ್ತಾರೆ. `SELECT * FROM discharges` ಅಂತ ಅದೇ ಲಾಗಿನ್ನಿನಲ್ಲಿ ಹಾಕಿ ನೋಡಿ, "permission denied" ಅಂತ ಬಂದರೆ ಮಾತ್ರ ಬಿಲ್ ಪಾಸ್ ಮಾಡಿ.

ಒಂದು ಕಾಲಂ ಮುಚ್ಚಿದರೆ ಅದನ್ನು ಕಳೆದು ತೆಗೆಯಲು ಬರುತ್ತದಾ ಅಂತಲೂ ನೋಡಬೇಕು. ಆರು ವಾರ್ಡಿನ ವಾರದ ಡಿಸ್ಚಾರ್ಜ್ ಕೂಡಿದರೆ 117, ಏಳನೆಯ ಮಾನಸಿಕ ವಾರ್ಡನ್ನು ಮುಚ್ಚಿದ್ದೀರಿ, ಕೆಳಗೆ ಒಟ್ಟು 120 ಅಂತ ದಪ್ಪಕ್ಷರದಲ್ಲಿ ಬರೆದಿದ್ದೀರಿ. ಮುಚ್ಚಿದ್ದು 3 ಅಂತ ಮಕ್ಕಳೂ ಹೇಳುತ್ತಾರೆ. ಸರಾಸರಿಯೂ ಅದೇ ದಾರಿಯಲ್ಲಿ ಸಿಗುತ್ತದೆ. ಸಣ್ಣ ವಾರ್ಡುಗಳನ್ನು ಮೊದಲೇ ಒಂದು ಗುಂಪು ಮಾಡಿ "ಇತರೆ" ಅಂತ ಇಟ್ಟುಬಿಡಿ. ಮೇಲಿನ ಕೋಡಿನಲ್ಲಿ ವಾರ್ಡಿನ ಬದಲು `ward_group` ಇರುವುದು ಇದಕ್ಕೇ. ಆ ಗುಂಪೂ 11 ಮುಟ್ಟದ ವಾರ ಬಂದರೆ ಆಸ್ಪತ್ರೆಯ ಒಟ್ಟನ್ನೂ ಆ ವಾರ ಕೊಡಬೇಡಿ, ತಿಂಗಳ ಕೊನೆಗೆ ಕೊಡಿ. ಗುಂಪುಗಳನ್ನು ಮಾತ್ರ ಆಗಾಗ ಬದಲಿಸಬೇಡಿ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ ಮತ್ತೆ ಕಳೆಯುವ ಲೆಕ್ಕ ಶುರುವಾಗುತ್ತದೆ.

ಹಾಗಾದರೆ ಐಸಿಯುನ ನಾಲ್ಕು ಬೆಡ್ಡಿನಲ್ಲಿ ಮೂರು ತುಂಬಿದೆ ಅನ್ನುವುದನ್ನೂ ಮುಚ್ಚಬೇಕಾ? ಬೇಡ. ಇಲ್ಲಿ ನನಗೂ ಕೆಲವು ಗೆಳೆಯರಿಗೂ ಭಿನ್ನಾಭಿಪ್ರಾಯ ಇದೆ. ನಿಯಮ ಅಂದರೆ ನಿಯಮ, ಎಲ್ಲ ಸಣ್ಣ ಅಂಕಿಯನ್ನೂ ಮುಚ್ಚಿ ಅನ್ನುತ್ತಾರೆ ಅವರು. ಆದರೆ ಖಾಲಿ ಐಸಿಯು ಬೆಡ್ ಎಷ್ಟು ಅಂತ ಗೊತ್ತಿಲ್ಲದ ಅಡ್ಮಿನಿಸ್ಟ್ರೇಟರ್ ಆಂಬುಲೆನ್ಸಿನವರಿಗೆ ಏನಂತ ಹೇಳಬೇಕು? ಮೂರು ಬೆಡ್ ತುಂಬಿದೆ ಅನ್ನುವುದರಿಂದ ಅಲ್ಲಿ ಯಾರಿದ್ದಾರೆ, ಏನಾಗಿದೆ ಅಂತ ತಿಳಿಯುವುದಿಲ್ಲ. ಅದರ ಪಕ್ಕ ಗಂಡು-ಹೆಣ್ಣು, ಕಾಯಿಲೆ, ಯಾವ ಸ್ಕೀಮ್ ಅಂತ ಒಡೆದು ಕೊಟ್ಟಾಗ ತೊಂದರೆ. ಹಾಗಾಗಿ ಎಣಿಕೆ ಇರಲಿ, ಒಡಕು ಬೇಡ. ಮತ್ತು ಈ ದಿನದ ಎಣಿಕೆ ಅಡ್ಮಿನಿಸ್ಟ್ರೇಟರ್, ನರ್ಸಿಂಗ್ ಸೂಪರಿಂಟೆಂಡೆಂಟ್, ಕ್ಯಾಷುವಾಲ್ಟಿ ಡಾಕ್ಟರ್ ಇಷ್ಟೇ ಜನಕ್ಕೆ ಹೋಗಲಿ.

ಹಾಗಾದರೆ ನಿಮಗೆ ಯಾವುದು?

ಐವತ್ತು ಬೆಡ್ಡಿನ ಒಳಗಿನ ನರ್ಸಿಂಗ್ ಹೋಂ ಆದರೆ ಕಣ್ಣು ಮುಚ್ಚಿಕೊಂಡು ಆರು ಅಂಕಿಯ ಫಾರಂ. ನಿಮಗೆ ವಾರ್ಡುವಾರು ವಾರದ ಸರಾಸರಿ ಹೇಗೂ ಸಿಗುವುದಿಲ್ಲ, 11 ಡಿಸ್ಚಾರ್ಜ್ ಆಗುವ ವಾರ್ಡು ಒಂದೋ ಎರಡೋ ಇರುತ್ತದೆ. ಇಡೀ ಆಸ್ಪತ್ರೆಗೆ ತಿಂಗಳಿಗೊಂದು ಸರಾಸರಿ ಸಾಕು. ನೂರು ಬೆಡ್ಡಿನಿಂದ ಮೇಲಿದ್ದು ಎಚ್‌ಎಂಐಎಸ್‌ನಲ್ಲಿ ಡಿಸ್ಚಾರ್ಜ್ ಎಂಟ್ರಿ ಅವತ್ತೇ ಆಗುತ್ತಿದ್ದರೆ ಸಾಫ್ಟ್‌ವೇರ್ ವ್ಯೂ ಒಳ್ಳೆಯದು. "ಅವತ್ತೇ" ಅನ್ನುವುದನ್ನು ಪರೀಕ್ಷಿಸಿ: ಒಂದು ವಾರ ವಾರ್ಡ್ ಫಾರಂ ಎಣಿಕೆಯನ್ನೂ ಸಾಫ್ಟ್‌ವೇರ್ ಎಣಿಕೆಯನ್ನೂ ಪಕ್ಕಪಕ್ಕ ಇಡಿ. ಸಾಫ್ಟ್‌ವೇರ್ ಪ್ರತಿ ದಿನವೂ ನಾಲ್ಕೈದು ಜನ ಜಾಸ್ತಿ ತೋರಿಸಿದರೆ ಮನೆಗೆ ಹೋದವರು ಕಂಪ್ಯೂಟರಿನಲ್ಲಿ ಇನ್ನೂ ಮಲಗಿದ್ದಾರೆ ಅಂತ ಅರ್ಥ. ಹೆಚ್ಚಾಗಿ ಬಿಲ್ ಬಾಕಿ ಇರುವವರು, ಇಲ್ಲವೇ ಡಾಕ್ಟರ ಮಾತು ಮೀರಿ ಹೊರಟವರು. ಅದು ಸರಿಹೋಗುವ ತನಕ ಫಾರಮ್ಮನ್ನೇ ನಂಬಿ. ಎಕ್ಸೆಲ್ ಪಟ್ಟಿಯನ್ನು ಎಂಆರ್‌ಡಿ ಒಳಗೆ ಮಾತ್ರ ಇಟ್ಟುಕೊಳ್ಳಿ, ಅದು ಅಲ್ಲಿಂದ ಹೊರಗೆ ಹೋಗುವ ಫೈಲ್ ಅಲ್ಲ.

ತಡವಾಗಿ ಎಂಟ್ರಿ ಆದ ಡಿಸ್ಚಾರ್ಜಿಗೆ ಹಳೆಯ ವಾರದ ರಿಪೋರ್ಟನ್ನು ತಿದ್ದಿ ಮತ್ತೆ ಕಳಿಸಬೇಡಿ. ತಿದ್ದಿದ್ದನ್ನು ಹಳೆಯದರ ಪಕ್ಕ ಇಟ್ಟರೆ ಆ ಒಬ್ಬರ ದಿನಗಳು ಮತ್ತೆ ಹೊರಬೀಳುತ್ತವೆ, ಭಾನುವಾರದ ಲೆಕ್ಕದ ಹಾಗೇ. ಸೋಮವಾರ ಬಂದ ಅಂಕಿಯನ್ನು ಬೇರೆ ಕಡೆ ಉಳಿಸಿ ಬೀಗ ಹಾಕಿ, ತಪ್ಪಿದವರನ್ನು ತಿಂಗಳ ಒಟ್ಟಿನಲ್ಲಿ ಸೇರಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದಿನ ಅಡ್ಮಿನಿಸ್ಟ್ರೇಟರ್ ಕೇಳುತ್ತಾರೆ, "ಸರ್ಜಿಕಲ್‌ನಲ್ಲಿ ಸರಾಸರಿ ಯಾಕೆ ಏರಿತು, ಯಾರದು ಅದು?" ಕೇಳುವುದು ತಪ್ಪಲ್ಲ, ಬೆಡ್ ಸಿಕ್ಕಿಕೊಂಡಿದ್ದರೆ ಬಿಡಿಸುವುದು ಅವರದೇ ಕೆಲಸ. ಅದಕ್ಕೆ ಉತ್ತರ ರಿಪೋರ್ಟಿನಲ್ಲಿ ಇಲ್ಲ. ಹದಿನೈದು ದಿನ ಮೀರಿದವರ ಪಟ್ಟಿ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಕಾಗದದಲ್ಲಿ ಇರುತ್ತದೆ. ರೌಂಡ್ಸಿಗೆ ಹೋದಾಗ ಅವರ ಜೊತೆ ನಿಂತು ನೋಡಿ, ಮಾತಾಡಿ, ಕಾಗದ ಅಲ್ಲೇ ಬಿಟ್ಟು ಬನ್ನಿ ಸರ್.